ಕಣ್ಣು ಎಲ್ಲಿಗೆ ಕರೀತದೋ ಕುತ್ತಿಗಿ ಅಲ್ಲಿಗೇ ಹೋಗ್ತದ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾ ಬಿಜಾಪುರ ಕಡ್ಯಾವ, ಪುಣೆದಾಗ ಸದಾಶಿವ ಪೇಠದಾಗ ಕಾಟ್ ಬೇಸಿಸ್ ಮ್ಯಾಲ, ಅಂದ್ರ ಹಂಚಿಕೊಂಡ ರೂಮಿನ್ಯಾಗ ಒಂದು ಮಂಚ ಬಾಡಿಗಿ ಹಿಡಿದು, ಇದ್ದು ಯುಪಿಎಸ್ಸಿ ಓದಾಕತ್ತೀನಿ. ದಿನಾ 10-11 ತಾಸು, ಅರ್ಧ ಲ್ಯಾಪ್‌ಟಾಪ್, ಅರ್ಧ ಪುಸ್ತಕ. ಸಂಜಿ 5 ಆತಂದ್ರ ಕಣ್ಣು ಉರೀತಾವ, ಹಣಿ ಜಡ ಆಗ್ತದ, ಕುತ್ತಿಗಿಯಿಂದ ಬಲ ಭುಜದ ತನಕ ಹಿಡಕೊಂತದ. ನೀಲಿ ಬೆಳಕು ತಡಿಯೋ ಚಷ್ಮಾ ತಗೊಂಡೆ, ಏನೂ ಫರಕ ಆಗಲಿಲ್ಲ. ಈಗ 8,000 ರೂಪಾಯಿದೊಂದು ಖುರ್ಚಿ ತಗೋಬೇಕಂತ ಮಾಡೀನಿ. ತಗೊಳ್ಳಲೋ ಬ್ಯಾಡೋ?

ಉತ್ತರ: ತಮ್ಮಾ, ಖುರ್ಚಿ ಸದ್ಯ ಬ್ಯಾಡ. ಮೊದ್ಲ ದರ್ಜಿ ಕಡೆ ಇರೋ ಅಂಥಾ ಒಂದು ಟೇಪು ತಗೋ, ಮತ್ತ ಅಭ್ಯಾಸಿಕಾದಾಗ, ಅಂದ್ರ ನೀ ಓದಾಕ ಕೂಡೋ ರೀಡಿಂಗ್ ಹಾಲಿನ್ಯಾಗ, ನಿನ್ನ ಬಾಜೂಕ ಕೂಡೋ ಗೆಳೆಯಾಗ ಒಂದು ಮಾತು ಹೇಳಿಡು, ನಾ ಓದಾಕ ಕುಂತು 40 ನಿಮಿಷ ಆದ ಮ್ಯಾಲ ನನಗ ಗೊತ್ತಾಗದಂಗ ಬಾಜೂದಿಂದ ಒಂದು ಫೋಟೋ ಹೊಡಿ ಅಂತ. ಗೊತ್ತಾಗದಂಗ ಅನ್ನೋದು ಮುಖ್ಯ, ಯಾಕಂದ್ರ ಫೋಟೋ ತಗೀತಾರ ಅಂದ ಕೂಡ್ಲೆ ಎಲ್ಲಾರೂ ನೆಟ್ಟಗ ಕೂಡ್ತಾರ. ಆ ಫೋಟೋದಾಗ ನಿನ್ನ ಕಿವಿ ಎಲ್ಲಿ ಅದ, ಭುಜ ಎಲ್ಲಿ ಅದ ನೋಡು. ಕಿವಿ ಭುಜದ ನೇರಕ್ಕ ಮ್ಯಾಲಿದ್ರ ಚಲೋ, ನಾಕು ಬಟ್ಟು ಮುಂದ ಹೋಗಿದ್ರ ನಿನ್ನ ಕುತ್ತಿಗಿ ನೋವಿನ ಕಾರಣ ಅಲ್ಲೇ ಕಾಣ್ತದ. ಆಮ್ಯಾಲ ಅದೇ ಭಂಗಿಯೊಳಗ ಕಣ್ಣಿನ ತುದಿಯಿಂದ ಸ್ಕ್ರೀನ್ ತನಕ ಎಷ್ಟು, ಪುಸ್ತಕದ ತನಕ ಎಷ್ಟು ಅಂತ ಟೇಪು ಹಿಡಿದು ಬರಕೊ. ನಾ ಆಪ್ಟೋಮೆಟ್ರಿಸ್ಟ್, ಕಣ್ಣಿನ ನಂಬರ್ ನೋಡೋದೇ ನನ್ನ ಕೆಲಸ, ನನ್ನ ಹತ್ರ ಬರೋ ಹುಡುಗ್ರು "ಒಂದು ಕೈ ದೂರ ಇಟ್ಕೊಂಡೇ ಓದ್ತೀನಿ" ಅಂತ ಹೇಳ್ತಾರ, ಅಳದ್ರ 28, 30 ಸೆಂಟಿಮೀಟರ್ ಬರ್ತದ. ಸುಳ್ಳು ಹೇಳ್ತಾರ ಅಂತಲ್ಲ, ಕುಂತಾಗ ಒಂದು ಕೈ ದೂರಾನೇ ಇರ್ತದ, ಓದ್ತಾ ಓದ್ತಾ ಮುಂದ ಸರದಿದ್ದು ಅವರಿಗೆ ಗೊತ್ತೇ ಆಗಿರೋದಿಲ್ಲ.

ಇಷ್ಟ್ಯಾಕ ಈ ದೂರದ ಬಗ್ಗೆ ಹೇಳಾಕತ್ತೀನಿ ಅಂದ್ರ, ನೀ ಕಣ್ಣುರಿ ಬ್ಯಾರೆ ಕುತ್ತಿಗಿ ನೋವು ಬ್ಯಾರೆ ಅಂತ ತಿಳ್ಕೊಂಡು ಒಂದಕ್ಕ ಚಷ್ಮಾ ಇನ್ನೊಂದಕ್ಕ ಖುರ್ಚಿ ಹುಡುಕಾಕತ್ತಿ. ಆದ್ರ ಓದಾಕ ಕುಂತಾಗ ತಲಿ ಎಲ್ಲಿರಬೇಕು ಅಂತ ಹೇಳೋದು ಕಣ್ಣು. ಅಕ್ಷರ ಸಣ್ಣದಿದ್ರ, ಬೆಳಕು ಕಡಿಮಿ ಇದ್ರ, ನಂಬರ್ ಸರಿ ಇರದಿದ್ರ ಕಣ್ಣು ಮುಂದ ಎಳೀತದ, ತಲಿ ಹೋಗ್ತದ, ತಲಿ ಹಿಂದ ಕುತ್ತಿಗಿ, ಅದರ ಹಿಂದ ಬೆನ್ನು. 8,000 ಕೊಟ್ಟು ತಂದ ಖುರ್ಚಿಯ ಬೆನ್ನಿಗೆ ನೀ ಆನ್ಕೊಂಡ್ರ ತಾನೇ ಅದು ಆಸರಾ ಕೊಡೋದು, ಕಣ್ಣು ಮುಂದ ಎಳದಾಗ ನೀ ಆ ಖುರ್ಚಿಯ ತುದಿಗೇ ಬಂದು ಕೂಡ್ತಿ.

ತಲಿ ತೂಕ ಸುಮಾರು 5 ಕಿಲೋ ಇರ್ತದ. ನಮ್ಮ ಊರಾಗ ಹೆಣ್ಮಕ್ಕಳು ತುಂಬಿದ ಕೊಡ ತಲಿ ಮ್ಯಾಲ ಇಟ್ಕೊಂಡು ಕಿಲೋಮೀಟರ್‌ಗಟ್ಟಲೆ ನಡೀತಿದ್ರು ನೋಡು, ಯಾಕಂದ್ರ ತೂಕ ನೇರ ಎಲುವಿನ ಮ್ಯಾಲ ಇಳೀತಿತ್ತು. ಅದೇ ಕೊಡ ಮುಂದ ಕೈ ಚಾಚಿ ಹಿಡಿ ಅಂದ್ರ ಒಂದು ನಿಮಿಷಕ್ಕ ರಟ್ಟಿ ಬಿದ್ದೋಗ್ತದ. ತಲಿ ಭುಜದ ನೇರ ಇದ್ರ ಕೊಡ ತಲಿ ಮ್ಯಾಲ ಇದ್ದಂಗ, ಮುಂದ ಚಾಚಿದ್ರ ಕೈಯಾಗ ಹಿಡದಂಗ, ಹಿಂದಗಡೆ ಕುತ್ತಿಗಿಯಿಂದ ಭುಜಕ್ಕ ಇಳಿಯೋ ಸ್ನಾಯು ದಿನಾ 10 ತಾಸು ಅದನ್ನ ಹಿಡಕೊಂಡು ನಿಲ್ಲಬೇಕು.

ಈಗ ಕಣ್ಣಿನ ಕಡೆ ಲೆಕ್ಕ. ಹತ್ರದ್ದು ಓದಬೇಕಾದ್ರ ಕಣ್ಣೊಳಗಿನ ಒಂದು ಸಣ್ಣ ಸ್ನಾಯು ಬಿಗಿಯಾಗಿ ಮಸೂರ ಉಬ್ಬಬೇಕು, ಅಂದ್ರ ಕಣ್ಣು ತನ್ನೊಳಗ ತಾನೇ ನಂಬರ್ ಹುಟ್ಟಿಸ್ಕೊಬೇಕು. ಎಷ್ಟು ಅಂತ ತಗಿಯೋದು ಸುಲಭ, 100ನ್ನ ದೂರದ ಸೆಂಟಿಮೀಟರಿಂದ ಭಾಗಿಸು. 50 ಸೆಂಟಿಮೀಟರಿಗೆ 2 ನಂಬರ್, 40ಕ್ಕ ಎರಡೂವರಿ, 25ಕ್ಕ 4. ರಾತ್ರಿ ಕಾಟ್ ಮ್ಯಾಲ ಅಡ್ಡಾಗಿ ಫೋನು 20 ಸೆಂಟಿಮೀಟರಿಗೆ ಹಿಡೀತಿ ಅಲ್ಲ, ಅಲ್ಲಿ 5. ಹಂಗಾಗಿ ಓದಿ ಸಾಕಾತು ಸ್ವಲ್ಪ ಫೋನು ನೋಡಿ ಆರಾಮ ಮಾಡ್ತೀನಿ ಅನ್ನೋದು ಮನಸಿಗೆ ಆರಾಮ ಇರಬಹುದು, ಕಣ್ಣಿನ ಸ್ನಾಯುವಿಗೆ ಓದಿನಕಿಂತ ಜಾಸ್ತಿ ಕೆಲಸ. ನಿನ್ನ ವಯಸ್ಸಿನ್ಯಾಗ ಕಣ್ಣಿಗೆ ಇಷ್ಟು ಶಕ್ತಿ ಇರ್ತದ, ಒಂದು ತಾಸು ಎರಡು ತಾಸು ಏನೂ ಅನಿಸಂಗಿಲ್ಲ, ತಾಸಿಗೆ ತಾಸು ಕೂಡಿ ಸಂಜಿ 5ಕ್ಕ ಹಣಿ ಜಡ ಆಗೋದು.

ಒಂದು ಹುಡುಗಿಯ ವಿಷಯ ಹೇಳ್ತೀನಿ, ನಿಂದು ಅದರಂಗೇ ಕಾಣ್ತದ ಅದಕ್ಕ. ಇಂಡಿ ಕಡೆಯಿಂದ ಬಂದಾಕಿ, ಸಿಎ ಓದ್ತಿದ್ದಳು, 22 ವಯಸ್ಸು, ಹಣಿ ನೋವು ಮತ್ತ ಕುತ್ತಿಗಿ ನೋವು ಎರಡೂ ಇದ್ವು. ಮೊದ್ಲ ಒಂದು ಕಡೆ ಕಣ್ಣು ತೋರಿಸಿದಾಗ ಬೋರ್ಡಿನ ಕೊನಿ ಸಾಲು ಓದಿದಳು, ಕಣ್ಣು ಚಲೋ ಅದಾವ ಅಂತ ಹೇಳಿ ಕಳಿಸಿದ್ರು. ಇಲ್ಲೇ ತಪ್ಪಾಗೋದು. ಪ್ಲಸ್ ನಂಬರ್ ಸ್ವಲ್ಪ ಇದ್ದ ಹರೇದವರು ದೂರದ ಬೋರ್ಡ್ ಸಲೀಸಾಗಿ ಓದ್ತಾರ, ಯಾಕಂದ್ರ ಅವರ ಕಣ್ಣು ಆ ನಂಬರನ್ನ ತಾನೇ ತುಂಬಿಸ್ಕೊಂತದ, ಬೋರ್ಡಿನ್ಯಾಗ ಗೊತ್ತೇ ಆಗಂಗಿಲ್ಲ. ನಾ ಡಾಕ್ಟ್ರ ಕಡೆಯಿಂದ ಹನಿ ಹಾಕಿಸಿ ಸ್ನಾಯು ಸಡಿಲ ಮಾಡಿಸಿ ನೋಡಿದೆ, ಪ್ಲಸ್ 1 ಇತ್ತು, ಜೊತಿಗೆ 0.75 ಸಿಲಿಂಡರ್. ಆಕಿ ಲ್ಯಾಪ್‌ಟಾಪ್ ನೋಡ್ತಿದ್ದ ದೂರ 28 ಸೆಂಟಿಮೀಟರ್. ಅಂದ್ರ ದೂರದ ಸಲುವಾಗಿ ಮೂರೂವರಿ, ಮೊದ್ಲಿಂದ ಇದ್ದ 1 ಕೂಡಿ ನಾಕೂವರಿ ನಂಬರ್, ದಿನಾ 9 ತಾಸು. ಚಷ್ಮಾ ಹಾಕಿಸಿ, ಸ್ಕ್ರೀನ್ 50ಕ್ಕ ಸರಿಸಿದ್ವಿ, ಈಗ ಬರೇ 2. ಅರ್ಧಕ್ಕಿಂತ ಕಡಿಮಿ ಆತು ನೋಡು, ಓದೋ ತಾಸು ಒಂದೂ ಕಡಿಮಿ ಮಾಡದ.

ಆದ್ರ ಸರಿಸಿದ್ವಿ ಅಂತ ಒಂದು ಮಾತಿನ್ಯಾಗ ಹೇಳಿದೆ, ಅದು ಒಂದೇ ಸಲಕ್ಕ ಆಗಲಿಲ್ಲ. ದೂರ ಇಟ್ಟು ಓದು ಅಂತ ಹೇಳಿದ್ದಕ್ಕ ಎರಡು ದಿನ ಓದಿ ಮೂರನೇ ದಿನ ಮತ್ತ 30ಕ್ಕ ಬಂದಳು. ಯಾಕಂದ್ರ ಆಕಿ ಪಿಡಿಎಫ್ ಇಡೀ ಪಾನು ಒಂದೇ ಸಲಕ್ಕ ಕಾಣಬೇಕಂತ 70 ಪರ್ಸೆಂಟ್ ಜೂಮಿಗೆ ಇಟ್ಟಿದ್ದಳು, ಅಷ್ಟು ಸಣ್ಣ ಅಕ್ಷರ 50 ಸೆಂಟಿಮೀಟರಿಂದ ಯಾರಿಗೂ ಆರಾಮಾಗಿ ಓದಾಕ ಬರಂಗಿಲ್ಲ. ಅಕ್ಷರ ಸಾಕಷ್ಟು ದೊಡ್ಡದದನೋ ಇಲ್ಲೋ ಅಂತ ನೋಡಾಕ ಹಿಂಗ ಮಾಡು, ನೀ 50 ಸೆಂಟಿಮೀಟರಿಂದ ಓದ್ತಿದ್ರ ಎದ್ದು ಅದರ ಮೂರರಷ್ಟು, ಅಂದ್ರ ಒಂದೂವರಿ ಮೀಟರ್ ಹಿಂದ ನಿಂತು ನೋಡು, ಕಷ್ಟಪಟ್ಟಾದ್ರೂ ಅದೇ ಸಾಲು ಓದಾಕ ಬರಬೇಕು. ಬರಲಿಲ್ಲಂದ್ರ Ctrl ಒತ್ತಿ ಹಿಡಿದು + ಒತ್ತು, ಬರೋತನಕ ದೊಡ್ಡದು ಮಾಡು. ಪಾನು ತುಂಬ ಕಾಣಂಗಿಲ್ಲ, ಸ್ಕ್ರೋಲ್ ಮಾಡ್ಬೇಕಾಗ್ತದ, ಮಾಡು. ಆಕಿ 130ಕ್ಕ ತಂದ ಮ್ಯಾಲ ತಲಿ ತಾನಾಗೇ ಹಿಂದ ಬಂತು, ನೆಟ್ಟಗ ಕೂಡು ಅಂತ ಯಾರೂ ಹೇಳೋದು ಬೇಕಾಗಲಿಲ್ಲ.

ಈಗ ನಿನ್ನ ಟೇಬಲ್ಲಿಗೆ ಬರ್ತೀನಿ. ಲ್ಯಾಪ್‌ಟಾಪಿಂದು ಒಂದು ಹುಟ್ಟುಗುಣ ಅದ, ಸ್ಕ್ರೀನು ಕೀಬೋರ್ಡು ಎರಡೂ ಒಂದಕ್ಕೊಂದು ಕಟ್ಟಿಹಾಕಿದಂಗ ಇರ್ತಾವ. ಕೈಗೆ ಸರಿಯಾಗಿ ಇಟ್ರ ಸ್ಕ್ರೀನ್ ಎದಿ ಮಟ್ಟಕ್ಕ ಇಳೀತದ, ಕಣ್ಣಿಗೆ ಸರಿಯಾಗಿ ಎತ್ತಿದ್ರ ಕೈ ಮ್ಯಾಲ ಹೋಗಿ ಭುಜ ಕಿವಿಗೆ ಹತ್ತತಾವ. ಎರಡೂ ಸರಿ ಮಾಡಾಕ ಒಂದೇ ದಾರಿ, ವೈರ್ ಇದ್ದ ಬ್ಯಾರೆ ಕೀಬೋರ್ಡು ಮತ್ತ ಮೌಸು ತಗೋ, 700-800 ರೂಪಾಯಿ ಒಳಗ ಜೋಡಿ ಸಿಗ್ತದ, ಖುರ್ಚಿಗೆ ಇಟ್ಟ ರೊಕ್ಕದಾಗ ಅದಿಷ್ಟು ಖರ್ಚು ಮಾಡು. ಲ್ಯಾಪ್‌ಟಾಪ್ ಕೆಳಗ ಹಳೆ ದಪ್ಪ ಪುಸ್ತಕ ಪೇರಿಸು, ನೆಟ್ಟಗ ಕುಂತಾಗ ಸ್ಕ್ರೀನಿನ ಮ್ಯಾಲಿನ ಅಂಚು ನಿನ್ನ ಕಣ್ಣಿನ ಮಟ್ಟಕ್ಕ ಇಲ್ಲಾ ಎರಡು ಬಟ್ಟು ಕೆಳಗ ಬರೋ ಹಂಗ. ಅದಕಿಂತ ಮ್ಯಾಲ ಮಾತ್ರ ಏರಿಸಬ್ಯಾಡ. ಎತ್ತರ ಆದಷ್ಟು ಚಲೋ ಅಂತ ಭಾಳ ಮಂದಿ ಏರಿಸ್ತಾರ, ಆವಾಗ ಕಣ್ಣು ಪೂರಾ ಅಗಲ ತಗದು ನೋಡ್ಬೇಕಾಗ್ತದ, ರೆಪ್ಪಿ ಮ್ಯಾಲೇರಿ ಕಣ್ಣಿನ ನೀರು ಲಗೂ ಆರ್ತದ, ಉರಿ ಜಾಸ್ತಿ ಆಗ್ತದ. ಸ್ವಲ್ಪ ಕೆಳಗ ನೋಡಿದ್ರ ರೆಪ್ಪಿ ಅರ್ಧ ಮುಚ್ಚಿ ಕಣ್ಣಿಗೆ ನೆರಳು ಕೊಟ್ಟಂಗ.

ಪುಸ್ತಕಕ್ಕ ಇನ್ನೂ ಸುಲಭದ್ದು ನಮ್ಮ ಮನ್ಯಾಗೇ ಇತ್ತು. ಅಜ್ಜ ಪುರಾಣ ಓದಾಕ ವ್ಯಾಸಪೀಠ ಇಟ್ಕೊಂತಿದ್ದರಲ್ಲ, ಕತ್ತರಿ ಹಂಗ ಬಿಚ್ಚೋ ಕಟ್ಟಿಗೀದು, ಅದನ್ನ ಟೇಬಲ್ ಮ್ಯಾಲ ಇಡು. ಪೂಜಾ ಸಾಮಾನಿನ ಅಂಗಡ್ಯಾಗ ಕೇಳಿ ನೋಡು, ಸಿಗದಿದ್ರ ಮಡಚೋ ಬುಕ್‌ಸ್ಟ್ಯಾಂಡ್ ಆದ್ರೂ ನಡೀತದ. ಪುಸ್ತಕ ಟೇಬಲ್ ಮ್ಯಾಲ ಮಲಗಿಸಿ ಓದಿದ್ರ ಗದ್ದ ಎದಿಗೆ ಹತ್ತೋ ಹಂಗ ಬಗ್ಗಬೇಕು, ಮ್ಯಾಲಾಗಿ ಪಾನಿನ ಮ್ಯಾಲಿನ ಸಾಲು ಒಂದು ದೂರ ಕೆಳಗಿನ ಸಾಲು ಒಂದು ದೂರ ಇರ್ತದ. ನಿಲ್ಲಿಸಿದ್ರ ಪುಸ್ತಕಾನೇ ಎದ್ದು ಕಣ್ಣಿನ ಕಡೆ ಬರ್ತದ, 40 ಸೆಂಟಿಮೀಟರಿಗೆ ಇಟ್ಕೊ. ಉತ್ತರ ಬರಿಯೋ ಪ್ರ್ಯಾಕ್ಟೀಸಿಗೆ ಪರೀಕ್ಷಾ ಪ್ಯಾಡಿನ ಹಿಂದಿನ ಅಂಚಿಗೆ ಎರಡು ಪುಸ್ತಕ ಕೊಟ್ಟು ಇಳಿಜಾರು ಮಾಡು, ಆದ್ರ ಮೇನ್ಸ್ ಹಾಲಿನ್ಯಾಗ ಇಳಿಜಾರು ಸಿಗಂಗಿಲ್ಲ, 3 ತಾಸಿನ ಪೇಪರ್ ಚಪ್ಪಟಿ ಡೆಸ್ಕಿನ ಮ್ಯಾಲೇ ಬರೀಬೇಕು, ಅದಕ್ಕ ವಾರಕ್ಕ ಒಂದು ಪೂರಾ ಪೇಪರ್ ಚಪ್ಪಟಿ ಟೇಬಲ್ ಮ್ಯಾಲೇ ಬರೆದು ಕೈಗೆ ರೂಢಿ ಇಟ್ಟಿರು.

ನಿನ್ನ ಬಲ ಭುಜದ್ದು ಬರಿಯೋ ಕೈ, ಮೌಸ್ ಕೈ ಅದ ಅಂತ ನಂದು ಅಂದಾಜು. ಟೇಬಲ್ಲು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ ಇರ್ತಾವ, ಪ್ಲಾಸ್ಟಿಕ್ ಖುರ್ಚಿ 42-43. ಕುಂತಾಗ ಮೊಳಕೈ ಸೀಟಿಂದ ಸುಮಾರು 22-23 ಸೆಂಟಿಮೀಟರ್ ಮ್ಯಾಲ ಬರ್ತದ ಅಂತ ಹಿಡಿ, ಕೂಡಿಸಿದ್ರ 65. ಟೇಬಲ್ 75. ಆ ಉಳಿದ 10 ಸೆಂಟಿಮೀಟರ್ ನಿನ್ನ ಭುಜ ಎತ್ತಿ ತುಂಬಿಸಾಕತ್ತದ, ದಿನ ಪೂರ್ತಿ. ಟೇಬಲ್ ಕೊಯ್ಯಾಕ ಆಗಂಗಿಲ್ಲ, ಹಂಗಾಗಿ ನೀನೇ ಮ್ಯಾಲೇರು. ಊರಿಂದ ತಂದ ಕೌದಿ ಇದ್ದೇ ಇರ್ತದ, ಗಟ್ಟಿಯಾಗಿ ಮಡಚಿ ಸೀಟಿನ ಮ್ಯಾಲ ಹಾಕು, ಕುಂತ ಮ್ಯಾಲ ಎಷ್ಟು ತಗ್ತದ ನೋಡಿ ಇನ್ನೊಂದು ಮಡಿಕಿ ಕೊಡು, ಭುಜ ಸಡಿಲ ಬಿಟ್ಟಾಗ ಮೊಳಕೈ ಟೇಬಲ್ಲಿನ ಮಟ್ಟಕ್ಕ ಬಂದ್ರ ಸಾಕು. ಮೆತ್ತನ ತಲದಿಂಬು ಬ್ಯಾಡ, ಅದು ಒಂದು ಕಡೆ ಕುಸಿದು ನಡ ಸೊಟ್ಟ ಆಗ್ತದ.

ಇಲ್ಲೇ ಆ ಇಂಡಿ ಹುಡುಗಿಗೆ ನಾ ಒಂದು ಹೇಳಾಕ ಮರತೆ, ಒಂದು ವಾರಕ್ಕ ಭುಜ ಸಡಿಲ ಆತು ಆದ್ರ ಕಾಲು ಜೋಮು ಹಿಡಿಯಾಕತ್ತಾವ ಅಂತ ಫೋನ್ ಮಾಡಿದಳು. ಸೀಟು ಎತ್ತರ ಆಗಿ ಅಂಗಾಲು ನೆಲಕ್ಕ ಹತ್ತದ ಜೋತಾಡ್ತಿದ್ವು, ಸೀಟಿನ ಅಂಚು ತೊಡಿಯ ಕೆಳಗ ಒತ್ತತಿತ್ತು. ಸೀಟು ಎಷ್ಟು ಏರಿಸಿದಿಯೋ ಅಷ್ಟೇ ಕಾಲ ಕೆಳಗೂ ಇಡಬೇಕು, ಎರಡು ಇಟ್ಟಂಗಿ ಸಾಲಾಗಿ ಇಟ್ಟು ಮ್ಯಾಲ ಹಳೆ ಬಟ್ಟಿ ಹಾಕಿದ್ರ ಆತು, ಇಲ್ಲಾ ರದ್ದಿ ಪೇಪರಿನ ಬಿಗಿಯಾದ ಕಟ್ಟು. ಆಕಿ ರದ್ದಿನೇ ಇಟ್ಟಳು, ಎರಡು ದಿನದಾಗ ಜೋಮು ಹೋತು.

ಬೆಳಕಿಂದು ಜಾಸ್ತಿ ಹೇಳೋದಿಲ್ಲ. ಕಿಟಕಿ ನಿನ್ನ ಬಾಜೂಕ ಇರಲಿ, ಎದುರಿಗಿದ್ರ ಕಣ್ಣು ಕುಕ್ಕತದ, ಬೆನ್ನಿಗಿದ್ರ ಸ್ಕ್ರೀನಿನ್ಯಾಗ ಹೊಳಪು ಬೀಳ್ತದ. ಅಭ್ಯಾಸಿಕಾದಾಗ ಪ್ಲೈವುಡ್ ಗೂಡಿನೊಳಗ ಟ್ಯೂಬಿನ ಬೆಳಕು ಬೆನ್ನ ಹಿಂದ ಬಿದ್ದು ನಿನ್ನ ತಲಿ ನೆರಳೇ ಪುಸ್ತಕದ ಮ್ಯಾಲ ಬೀಳತಿದ್ರ ಒಂದು ಕ್ಲಿಪ್ ಲ್ಯಾಂಪ್ ಎಡಗಡೆ ಸಿಗಿಸ್ಕೊ, ಬಲಗೈಯಿಂದ ಬರಿಯಾಂವ ಅಂದ್ರ.

ಉರಿ ವಿಷಯಕ್ಕ ಬರೋಣ, ಇದು ಸ್ನಾಯುವಿಂದಲ್ಲ, ನೀರಿಂದು. ಸುಮ್ನ ಮಾತಾಡೋ ಹೊತ್ತಿನ್ಯಾಗ ನಾವು ನಿಮಿಷಕ್ಕ 15 ಸಲ ಆದ್ರೂ ರೆಪ್ಪಿ ಬಡೀತೀವಿ, ಸ್ಕ್ರೀನ್ ಮುಂದ ಗಮನ ಇಟ್ಟು ಕುಂತ್ರ ಅದು 5-7ಕ್ಕ ಇಳೀತದ, ಬಡಿಯೋದೂ ಅರ್ಧಂಬರ್ಧ, ಮ್ಯಾಲಿನ ರೆಪ್ಪಿ ಕೆಳಗಿನದಕ್ಕ ಮುಟ್ಟಂಗೇ ಇಲ್ಲ. ಹಂಗಾಗಿ ಕಣ್ಣಿನ ಕೆಳಗಿನ ಭಾಗ ಒಣಗ್ತದ. ಇದರ ಮ್ಯಾಲ ಮಾರ್ಚ್-ಏಪ್ರಿಲ್‌ದಾಗ ಪುಣೆ ಒಣ ಹವಾ, ಸೆಕಿ ಅಂತ ಟೇಬಲ್ ಫ್ಯಾನು ಮುಖಕ್ಕ ಹಚ್ಚಿ ಕೂಡೋದು. ಫ್ಯಾನ್ ಗಾಳಿ ಬೆನ್ನಿಗೆ ಇಲ್ಲಾ ಕಾಲಿಗೆ ತಿರುಗಿಸು, ಇವತ್ತೇ. ಒಂದು ಪರೀಕ್ಷಾ ಮಾಡ್ಕೊ, ಎರಡು ಸಲ ಪೂರಾ ರೆಪ್ಪಿ ಬಡಿದು ಆಮ್ಯಾಲ ರೆಪ್ಪಿ ಬಡಿಯದಂಗ ಗಡಿಯಾರ ನೋಡ್ತಾ ಇರು, 10 ಸೆಕೆಂಡ್ ಆಗೋದ್ರೊಳಗ ಚುಚ್ಚಿದ್ರ ಇಲ್ಲಾ ಮಂಜಾದ್ರ ನೀರಿನ ಪರದಿ ನಿಲ್ಲಾಕತ್ತಿಲ್ಲ ಅಂತ ತಿಳಿ. ಅದಕ್ಕ ಪಾನು ತಿರುವಿದಾಗೊಮ್ಮೆ ಕಣ್ಣು ಪೂರಾ ಮುಚ್ಚು, ಒಂದು ಎರಡು ಅಂತ ಎಣಿಸು, ಮೆಲ್ಲಕ ತಗಿ. ಪಾನಿಗೆ ಕಟ್ಟಿದ್ರ ನೆನಪಿರ್ತದ, ಅಲಾರಂ ಬೇಕಾಗಂಗಿಲ್ಲ. ಕಣ್ಣು ಒದ್ದಿ ಇಡೋ ಸಾದಾ ಹನಿ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಬರ್ದಿರ್ತದ, ದಿನಕ್ಕ ನಾಕು ಸಲದ ಒಳಗ ಹಾಕಬಹುದು. ಆದ್ರ ರೂಮಿನ್ಯಾಗ ಯಾರದೋ ಉಳಿದ ಬಾಟ್ಲಿ ಹಾಕ್ಕೋಬ್ಯಾಡ, ಕೈ ಮುಗಿದು ಹೇಳ್ತೀನಿ. ಅದರಾಗ ಸ್ಟೆರಾಯ್ಡ್ ಇದ್ರ ಮೊದ್ಲ ಭಾಳ ಆರಾಮ ಅನಿಸ್ತದ, ತಿಂಗಳುಗಟ್ಟಲೆ ಹಾಕಿದವರ ಕಣ್ಣೊಳಗ ಒತ್ತಡ ಏರಿ ನರ ಹಾಳಾಗಬಹುದು, ಹೋದ ದೃಷ್ಟಿ ತಿರುಗಿ ಬರಂಗಿಲ್ಲ. ಕೆಂಪು ಹೋಗಿಸೋ ಹನಿನೂ ಬ್ಯಾಡ, ಬಿಟ್ಟ ಮ್ಯಾಲ ಮೊದಲಿನಕಿಂತ ಕೆಂಪಾಗ್ತಾವ.

ನೀಲಿ ಚಷ್ಮಾದಿಂದ ಫರಕ ಆಗಲಿಲ್ಲ ಅಂದಿ, ಆಗೋದೂ ಇಲ್ಲ. ಇದರ ಮ್ಯಾಲ 17 ಪ್ರಯೋಗಗಳನ್ನ ಕೂಡಿಸಿ ನೋಡಿದ, ಕೊಕ್ರೇನ್ ಅನ್ನೋ ಸಂಸ್ಥೆಯ ವಿಮರ್ಶೆ 2023ರಾಗ ಬಂತು, ಸ್ಕ್ರೀನಿನಿಂದ ಆಗೋ ಕಣ್ಣಿನ ದಣಿವಿಗೆ ಸಾದಾ ಗ್ಲಾಸಿನಕಿಂತ ಹೆಚ್ಚಿನ ಉಪಯೋಗ ಕಂಡಿಲ್ಲ ಅಂತನೇ ಅದರಾಗ ಇರೋದು. ನೋವು ಬರೋದು ದೂರದಿಂದ, ಒಣಗೋದ್ರಿಂದ, ಬಣ್ಣದಿಂದಲ್ಲ.

20-20-20 ಅಂತ ನೀನೂ ಕೇಳಿರ್ತಿ, 20 ನಿಮಿಷಕ್ಕೊಮ್ಮೆ 20 ಫೂಟು ಅಂದ್ರ 6 ಮೀಟರ್ ದೂರದ್ದು 20 ಸೆಕೆಂಡ್ ನೋಡೋದು. ಚಲೋದೇ, ಆದ್ರ ನಿನ್ನ ಗೂಡಿನ್ಯಾಗ ಮೂಗಿನ ಮುಂದ ಪ್ಲೈವುಡ್, 6 ಮೀಟರ್ ಎಲ್ಲಿಂದ ತರ್ತಿ. ಅದಕ್ಕ ಸಣ್ಣ ನೀರಿನ ಬಾಟ್ಲಿ ಇಟ್ಕೊ, ಅರ್ಧ ಲೀಟರಿಂದು, ದೊಡ್ಡದು ಬ್ಯಾಡ. ಖಾಲಿ ಆದಾಗೊಮ್ಮೆ ಏಳಬೇಕಾಗ್ತದ, ಫಿಲ್ಟರ್ ಹತ್ರ ತುಂಬೋವಾಗ ಕಿಟಕಿಯಿಂದ ರಸ್ತಾದಾಚೆ ಗಿಡಾನೋ ಬೋರ್ಡೋ ನೋಡು, ಫೋನು ಕಿಸೆದಾಗೇ ಇರಲಿ. ಕುಂತಲ್ಲೇ 20 ನಿಮಿಷಕ್ಕೊಮ್ಮೆ ಗೂಡಿನಿಂದ ತಲಿ ಹೊರಳಿಸಿ ಹಾಲಿನ ಆ ತುದಿಯ ಬಾಗಿಲು ನೋಡಿದ್ರೂ ನಡೀತದ.

ಇವೆಲ್ಲಾ ಮಾಡಿದ ಮ್ಯಾಲೂ ಎಲ್ಲಾ ಒಟ್ಟಿಗೇ ಹೋಗಂಗಿಲ್ಲ. ಆ ಹುಡುಗಿಗೆ ಉರಿ ನಾಕೈದು ದಿನಕ್ಕ ಕಡಿಮಿ ಆತು, ಕುತ್ತಿಗಿ ಮೂರು ವಾರ ತಗೊಂತು, ಹಣಿ ನೋವು ಮಾತ್ರ ಚಷ್ಮಾ ಕೈಗೆ ಬಂದು ರೂಢಿ ಆಗೋತನಕ ಇತ್ತು. ನಿನಗೂ ಎರಡು ವಾರ ಆದ ಮ್ಯಾಲ ಹಣಿ ಜಡ ಹಂಗೇ ಉಳಿದ್ರ ಟೇಬಲ್ ತಪ್ಪಲ್ಲ, ನಂಬರ್ ತೋರಿಸು ಅಂತ ಅರ್ಥ. ಅದಕಿಂತ ಮೊದ್ಲ ಮನ್ಯಾಗ ಒಂದು ನೋಡ್ಕೊ, ಪೆನ್ನಿನ ತುದಿಯನ್ನ ಒಂದು ಕೈ ದೂರದಿಂದ ಮೂಗಿನ ಕಡೆ ನಿಧಾನಕ ತಾ, ಎಲ್ಲಿಗೆ ಬಂದಾಗ ಎರಡೆರಡು ಕಾಣಿಸ್ತದ ಅಳದ ನೋಡು. 10 ಸೆಂಟಿಮೀಟರಿನಕಿಂತ ದೂರ ಇರೋವಾಗಲೇ ಎರಡಾದ್ರ ಎರಡೂ ಕಣ್ಣು ಕೂಡಿ ಒಳಗ ಹೊರಳಾಕ ತ್ರಾಸ ಪಡಾಕತ್ತಾವ, ಅದಕ್ಕ ಬ್ಯಾರೆ ವ್ಯಾಯಾಮ ಅದ, ಅದನ್ನೂ ಹೇಳಿ ತೋರಿಸು.

ಕೆಲವು ಮಾತ್ರ ಎರಡು ವಾರ ಕಾಯೋವಲ್ಲ. ಒಂದೇ ಕಣ್ಣು ಕೆಂಪಾಗಿ ನೋವಿದ್ದು ಮಂಜಾದ್ರ, ಕಣ್ಣಾಗ ಮಿಂಚು ಹೊಡದಂಗ ಇಲ್ಲಾ ಪರದಿ ಇಳಿದಂಗ ಆದ್ರ, ಮುಂಜಾನಿ ಏಳೋವಾಗಲೇ ತಲಿನೋವು ವಾಂತಿ ಇದ್ರ ಅವತ್ತೇ ಡಾಕ್ಟರ ಕಡೆ ಹೋಗು. ಕುತ್ತಿಗಿ ನೋವು ಕೈಗಿಳಿದು ಬಟ್ಟು ಜೋಮು ಹಿಡಿದ್ರ, ಪೆನ್ನು ಜಾರಾಕತ್ತಿದ್ರ ಅದೂ ಬರೇ ಕೂಡೋ ತಪ್ಪಲ್ಲ, ಮೂಳೆ ಡಾಕ್ಟರಿಗೆ ತೋರಿಸು.

ನಂಬರ್ ತೋರಿಸಾಕ ಹೋದಾಗ "ಬೋರ್ಡ್ ಚಲೋ ಓದ್ತೀನಿ, ಆದ್ರ 10 ತಾಸು ಹತ್ರದ್ದು ಓದೋದು, ಹನಿ ಹಾಕಿ ನೋಡ್ತೀರೇನು" ಅಂತ ನೀನೇ ಬಾಯಿ ಬಿಟ್ಟು ಕೇಳು, ಅಳದು ಬರಕೊಂಡ ಸೆಂಟಿಮೀಟರಿನ ಚೀಟಿನೂ ಕೈಯಾಗ ಇರಲಿ, ನಮಗ ಅದರಿಂದ ಅರ್ಧ ಕೆಲಸ ಆಗ್ತದ. ಹನಿ ಹಾಕಿದ ಮ್ಯಾಲ ಆ ದಿನ ಹತ್ರದ್ದು ಮಂಜು ಮಂಜಾಗಿ ಕಾಣಿಸ್ತದ, ಬಿಸಿಲು ಚುಚ್ಚತದ, ಓದಾಕ ಆಗಂಗಿಲ್ಲ, ಗಾಡಿ ಹೊಡಿಯೋದೂ ಬ್ಯಾಡ. ಹಂಗಾಗಿ ಮಾಕ್ ಟೆಸ್ಟ್ ಹಿಂದಿನ ದಿನ ಹೋಗಬ್ಯಾಡ, ಟೆಸ್ಟ್ ಬರೆದು ಮುಗಿಸಿ ಮರುದಿನ ಹೋಗು, ರೂಮಿಗೆ ಕರಕೊಂಡು ಬರಾಕ ಗೆಳೆಯಾನ್ನ ಜೊತಿಗೆ ಕರಕೊ.